ಕೊನೆಯ ಮಾತು ‘ಬನ್ನಿ’ ಎಂದಿರಲಿ

ದೇವಸ್ಥಾನಕ್ಕೆ ಬಂದವರನ್ನು ಪೂಜಾರಿಗಿಂತ ಮೊದಲು ಮಾತನಾಡಿಸುವುದು ಬಾಗಿಲ ಬಳಿಯ ಫಲಕ. ಚಪ್ಪಲಿ ಎಲ್ಲಿ ಬಿಡಬೇಕು, ಫೋಟೊ ತೆಗೆಯಬಹುದೇ, ಯಾವ ಉಡುಪಿನಲ್ಲಿ ಒಳಗೆ ಹೋಗಬಹುದು ಎಂಬ ಮೂರು ಸಂಗತಿಗಳನ್ನು ಅದು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬೇಕು. ಕೊಲ್ಹಾಪುರ ಜಿಲ್ಲೆಯಲ್ಲಿ ಈ ಕೆಲಸ ಎರಡು ಭಾಷೆಗಳಲ್ಲಿ ನಡೆಯಬೇಕಾಗುತ್ತದೆ. ಅಂಬಾಬಾಯಿಯ ದರ್ಶನಕ್ಕೆ, ಜ್ಯೋತಿಬಾನ ಗುಡ್ಡಕ್ಕೆ, ನರಸೋಬಾವಾಡಿಯ ಸಂಗಮಕ್ಕೆ ನಿಪ್ಪಾಣಿ, ಚಿಕ್ಕೋಡಿ, ಸಂಕೇಶ್ವರ, ಹುಕ್ಕೇರಿ ಕಡೆಯ ಕನ್ನಡಿಗರು ತಲೆಮಾರುಗಳಿಂದ ಬರುತ್ತಿದ್ದಾರೆ. ಗಡಹಿಂಗ್ಲಜ ಸೀಮೆಯಲ್ಲಂತೂ ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ ಆಗಿರುವ ಕುಟುಂಬಗಳು ಎಷ್ಟೋ ಇವೆ.

2025ರ ಮೇ ತಿಂಗಳಲ್ಲಿ ಅಂಬಾಬಾಯಿ ಮತ್ತು ಜ್ಯೋತಿಬಾ ದೇವಸ್ಥಾನಗಳಿಗೆ ವಸ್ತ್ರಸಂಹಿತೆ ಪ್ರಕಟವಾದ ಮೇಲೆ, ಉಡುಪಿನ ಮಾತು ಸಣ್ಣ ಗುಡಿಗಳ ಮಂಡಳಿಗಳ ಮುಂದೆಯೂ ಬರುವುದು ಸಹಜ. ನಿಯಮ ಇರಬೇಕೇ ಬೇಡವೇ ಎಂಬುದು ಆಯಾ ಮಂಡಳಿಗೆ ಬಿಟ್ಟ ವಿಚಾರ. ಇರುವ ನಿಯಮವನ್ನು ಬಂದವರ ಮನಸ್ಸು ನೋಯದಂತೆ ಎರಡು ಭಾಷೆಗಳಲ್ಲಿ ಹೇಗೆ ಬರೆಯುವುದು ಎಂಬುದಷ್ಟೇ ಇಲ್ಲಿಯ ವಿಷಯ.

ಗಡಹಿಂಗ್ಲಜದಿಂದ ಸಂಕೇಶ್ವರದ ಕಡೆ ಹೋಗುವ ದಾರಿಯಲ್ಲಿ ಒಂದು ಗ್ರಾಮದೇವತೆಯ ಗುಡಿ ಇದೆ ಎಂದು ಇಟ್ಟುಕೊಳ್ಳೋಣ. ಮಂಡಳಿಯವರು ಮೊದಲು ಮರಾಠಿಯಲ್ಲಿ ಹೀಗೆ ಬರೆಯುತ್ತಾರೆ: “ಚಪಲಾ ಬಾಹೇರ ಕಾಢಾವ್ಯಾತ. ಫೋಟೋ ಕಾಢಣ್ಯಾಸ ಪರವಾನಗೀ ನಾಹೀ. ಉಚಿತ ಪೋಶಾಖ ಪರಿಧಾನ ಕರಾವಾ.” ಬಳಿಕ ಎರಡೂ ಭಾಷೆ ಬಲ್ಲ ಒಬ್ಬರು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತರುತ್ತಾರೆ: “ಚಪ್ಪಲಿ ಹೊರಗೆ ತೆಗೆಯತಕ್ಕದ್ದು. ಫೋಟೊ ತೆಗೆಯಲು ಪರವಾನಗಿ ಇಲ್ಲ. ಉಚಿತ ಉಡುಪು ಧರಿಸತಕ್ಕದ್ದು.”

ಮೇಲುನೋಟಕ್ಕೆ ಎರಡೂ ಒಂದೇ. ಓದಿದರೆ ಮಾತ್ರ ಕನ್ನಡದ ಫಲಕ ಮರಾಠಿಯದಕ್ಕಿಂತ ಬಿರುಸಾಗಿದೆ. ‘ಕಾಢಾವ್ಯಾತ’, ‘ಕರಾವಾ’ ಎಂಬ ರೂಪಗಳು ಮರಾಠಿಯಲ್ಲಿ ಗೌರವದ ಸೂಚನೆಗಳು. ಇಂಥವರು ಎಂದು ಯಾರನ್ನೂ ಬೆರಳಿಟ್ಟು ತೋರಿಸದೆ ‘ಹೀಗೆ ಆಗಲಿ’ ಎನ್ನುವ ಧ್ವನಿ ಅವಕ್ಕಿದೆ. ಕನ್ನಡದ ‘ತಕ್ಕದ್ದು’ ಕಚೇರಿಯ ಸುತ್ತೋಲೆಯ ಮಾತು. ‘ತೆಗೆಯಬೇಕು’ ಎಂದರೂ ಅಷ್ಟೇನೂ ಮೆದುವಾಗುವುದಿಲ್ಲ. ಹೀಗೆ ಅನುವಾದ ಮಾಡಿದವರಿಗೆ ಅರಿವಿಲ್ಲದೆಯೇ, ಒಂದೇ ಹಲಗೆಯ ಮೇಲೆ ಮರಾಠಿ ಓದುವವರಿಗೆ ವಿನಂತಿಯೂ ಕನ್ನಡ ಓದುವವರಿಗೆ ಹುಕುಮೂ ಸಿಗುತ್ತದೆ. ಎರಡನ್ನೂ ಓದಬಲ್ಲ ಗಡಿನಾಡಿನ ಹುಡುಗನಿಗೆ ಆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ತನ್ನ ಮನೆಯ ಮಾತಿಗೆ ಈ ಗುಡಿಯಲ್ಲಿ ಎಷ್ಟು ಬೆಲೆ ಎಂಬುದನ್ನು ಅವನು ಅಲ್ಲಿಂದಲೇ ಅಳೆಯುತ್ತಾನೆ.

ಇದಕ್ಕೆ ಪರಿಹಾರ ಎರಡೂ ಭಾಷೆಗಳಲ್ಲೇ ಇದೆ. ಒಂದು ಕೆಲಸ ಮುಗಿಸಿ ಇನ್ನೊಂದನ್ನು ಮಾಡುವುದನ್ನು ಕನ್ನಡದಲ್ಲಿ ‘ಬಿಟ್ಟು ಬನ್ನಿ’, ‘ತೊಳೆದು ಬನ್ನಿ’ ಎನ್ನುತ್ತೇವೆ. ಮರಾಠಿಯಲ್ಲೂ ‘ಠೇವೂನ ಯಾವೇ’, ‘ಧುಊನ ಯಾವೇ’ ಎಂದು ಅದೇ ಜಾಡಿನಲ್ಲಿ ಹೇಳುತ್ತಾರೆ. ಈ ರಚನೆಯಲ್ಲಿ ನಿಯಮ ವಾಕ್ಯದ ನಡುವೆ ಕೂರುತ್ತದೆ, ಆಹ್ವಾನ ವಾಕ್ಯದ ಕೊನೆಗೆ ಬರುತ್ತದೆ. “ಚಪ್ಪಲಿ ಹಾಕಿಕೊಂಡು ಒಳಗೆ ಬರಬಾರದು” ಎಂಬುದೂ “ಚಪ್ಪಲಿಯನ್ನು ಇಲ್ಲಿ ಬಿಟ್ಟು ಒಳಗೆ ಬನ್ನಿ” ಎಂಬುದೂ ಒಂದೇ ನಿಯಮ. ಮೊದಲನೆಯದರ ಕೊನೆಯ ಮಾತು ‘ಬರಬಾರದು’, ಎರಡನೆಯದರ ಕೊನೆಯ ಮಾತು ‘ಬನ್ನಿ’. ಓದುವವರ ಮನಸ್ಸಿನಲ್ಲಿ ಉಳಿಯುವುದು ಆ ಕೊನೆಯ ಮಾತು. ಮರಾಠಿಯಲ್ಲಿ “ಚಪಲಾ ಯೇಥೇ ಠೇವೂನ ಆತ ಯಾವೇ” ಎಂದು ಬರೆದರೆ ಎರಡು ಸಾಲುಗಳೂ ಒಂದೇ ದನಿಯಲ್ಲಿ ಕರೆಯುತ್ತವೆ.

ಆದರೆ ‘ಇಲ್ಲಿ’ ಎಂದ ಮೇಲೆ ಆ ‘ಇಲ್ಲಿ’ ಎಲ್ಲಿ ಎಂಬುದು ಕಾಣಬೇಕು. ಫಲಕವನ್ನು ಹೊಸ್ತಿಲ ಮೇಲೆ ತೂಗುಹಾಕಿ, ಚಪ್ಪಲಿ ಬಿಡುವ ಕಟ್ಟೆ ಇಪ್ಪತ್ತು ಹೆಜ್ಜೆ ಹಿಂದಿದ್ದರೆ, ಬಂದವರು ಮೆಟ್ಟಿಲ ಮೇಲೆಯೇ ಚಪ್ಪಲಿ ಕಳಚುತ್ತಾರೆ. ಆಮೇಲೆ ಯಾರಾದರೂ ಗದರುತ್ತಾರೆ. ಆ ತಪ್ಪು ಬಂದವರದಲ್ಲ, ಫಲಕ ನಿಂತ ಜಾಗದ್ದು. ಸೂಚನೆ ಕಟ್ಟೆಯ ಬಳಿಯೇ ಇರಬೇಕು. “ಚಪ್ಪಲಿ ಕಳೆದರೆ ನಾವು ಹೊಣೆಯಲ್ಲ” ಎಂಬ ಸಾಲನ್ನು ಹಲವರು ಸೇರಿಸುತ್ತಾರೆ. ಕೊಲ್ಹಾಪುರಿ ಚಪ್ಪಲಿಯ ಸೀಮೆ ಇದು. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು ಕೊಲ್ಹಾಪುರಕ್ಕೂ ಬೆಳಗಾವಿಗೂ ಸೇರಿ ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸಂದಿದೆ. ಅಂಥ ಜೋಡಿಯನ್ನು ಬಿಟ್ಟು ಹೋಗುವವರಿಗೆ ಮೊದಲೇ ಕಳ್ಳತನದ ಭಯ ಹುಟ್ಟಿಸಿದರೆ ದರ್ಶನದ ಹೊತ್ತಿನಲ್ಲೂ ಮನಸ್ಸು ಬಾಗಿಲ ಬಳಿಯೇ ಉಳಿಯುತ್ತದೆ. ನೋಡಿಕೊಳ್ಳುವವರು ಇದ್ದರೆ “ಕಟ್ಟೆಯ ಮೇಲಿಟ್ಟ ಚಪ್ಪಲಿಗಳನ್ನು ನಾವು ನೋಡಿಕೊಳ್ಳುತ್ತೇವೆ” ಎಂದು ಬರೆಯಬಹುದು. ಇಲ್ಲದಿದ್ದರೆ ಆ ಮಾತನ್ನೇ ಎತ್ತದಿರುವುದು ಒಳಿತು.

ಉಡುಪಿನ ಸಾಲಿನಲ್ಲಿ ಬೇರೊಂದು ಅಪಾಯವಿದೆ. ಮರಾಠಿಯಲ್ಲಿ ‘ಉಚಿತ’ ಎಂದರೆ ಯೋಗ್ಯವಾದದ್ದು. ಕನ್ನಡದಲ್ಲೂ ಆ ಅರ್ಥ ಉಂಟು; ಆದರೆ ಫಲಕದ ಮೇಲೆ ‘ಉಚಿತ’ ಕಂಡರೆ ಇಂದಿನ ಓದುಗನಿಗೆ ಹೊಳೆಯುವುದು ‘ದುಡ್ಡು ಕೊಡಬೇಕಿಲ್ಲ’ ಎಂಬ ಅರ್ಥ. “ಉಚಿತ ಉಡುಪು ಧರಿಸತಕ್ಕದ್ದು” ಎಂಬುದನ್ನು ಓದಿ, ಪುಕ್ಕಟೆ ಬಟ್ಟೆ ಎಲ್ಲಿ ಕೊಡುತ್ತಾರೆ ಎಂದು ಯಾರಾದರೂ ಕೇಳಿದರೆ ತಪ್ಪು ಕೇಳಿದವರದಲ್ಲ. ‘ಪರವಾನಗಿ’ಯೂ ಅಂಥದೇ ಪದ. ಮರಾಠಿಯಲ್ಲಿ ಅದು ಬರೀ ಅನುಮತಿ. ಕನ್ನಡದ ಬರವಣಿಗೆಯಲ್ಲಿ ಅದು ಹೆಚ್ಚಾಗಿ ಅಂಗಡಿಗೋ ವಾಹನಕ್ಕೋ ಸರಕಾರ ಕೊಡುವ ಲೈಸೆನ್ಸು. ದಕ್ಷಿಣದಿಂದ ಬಂದ ಯಾತ್ರಿಕನಿಗೆ, ಹಣ ಕಟ್ಟಿ ಚೀಟಿ ಪಡೆದರೆ ಫೋಟೊ ತೆಗೆಯಬಹುದೇನೋ ಎಂದು ತೋಚಬಹುದು. ಎರಡು ಭಾಷೆಗಳಲ್ಲಿ ಒಂದೇ ರೂಪದ ಪದ ಕಂಡಾಗಲೇ ಅನುವಾದಕರು ಹೆಚ್ಚು ಎಚ್ಚರ ವಹಿಸಬೇಕು.

‘ಅಸಭ್ಯ ಉಡುಪು’, ‘ತೋಕಡೇ ಕಪಡೇ’ ಎಂಬ ಮಾತುಗಳು ಬಟ್ಟೆಯ ಬದಲು ತೊಟ್ಟವರನ್ನು ತೂಗುತ್ತವೆ. ಯಾವುದು ಸಭ್ಯ ಎಂಬುದರಲ್ಲಿ ಇಬ್ಬರು ಒಪ್ಪುವುದೂ ಕಷ್ಟ. ‘ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು’ ಎಂದು ಅಳತೆಯನ್ನೇ ಹೇಳಿದರೆ ವಾದಕ್ಕೆ ಎಡೆಯಿಲ್ಲ. ಗಂಡಸರಿಗೂ ಹೆಂಗಸರಿಗೂ ಅದೇ ಸಾಲು ಅನ್ವಯಿಸುತ್ತದೆ, ಯಾರ ಮುಖವೂ ಕೆಂಪಾಗುವುದಿಲ್ಲ. ಇಚಲಕರಂಜಿಯಲ್ಲಿ ಪಾಳಿ ಮುಗಿಸಿದ ವಿದ್ಯುತ್ ಮಗ್ಗದ ಕೆಲಸಗಾರ ಅರ್ಧ ಚಡ್ಡಿಯಲ್ಲೇ ಗುಡಿಯ ಮುಂದೆ ಬಂದು ನಿಂತರೆ, ಅವನನ್ನು ಮನೆಗೆ ಅಟ್ಟುವ ಫಲಕ ಬೇಕೋ, ಒಂದು ಪಂಚೆ ಕೊಟ್ಟು ಒಳಗೆ ಕರೆಯುವ ಫಲಕ ಬೇಕೋ ಎಂಬುದನ್ನು ಮಂಡಳಿ ಮೊದಲೇ ನಿಶ್ಚಯಿಸಬೇಕು. ಬಟ್ಟೆ ನೇಯುವ ಊರಿನಲ್ಲಿ ನಾಲ್ಕು ಪಂಚೆ, ನಾಲ್ಕು ಶಾಲುಗಳನ್ನು ಒಗೆದು ಮಡಚಿಡುವುದು ದೊಡ್ಡ ಖರ್ಚಲ್ಲ. ಆದರೆ ಅವು ನಿಜವಾಗಿ ಇದ್ದಾಗ ಮಾತ್ರ ಫಲಕದಲ್ಲಿ ಹೆಸರಿಸಬೇಕು. ಮರಾಠಿ ಸಾಲಿನಲ್ಲಿ ಪಂಚೆಗೆ ‘ಧೋತರ’ ಎನ್ನಬೇಕು. ಮರಾಠಿಯ ‘ಪಂಚಾ’ ಒಂದು ತುಂಡು ವಸ್ತ್ರ.

ಫೋಟೊದ ವಿಷಯದಲ್ಲಿ ಕೊರತೆಯಾಗುವುದು ಎಲ್ಲೆಯನ್ನು ಹೇಳದಿರುವುದರಿಂದ. ‘ಫೋಟೊ ನಿಷೇಧ’ ಎಂದಷ್ಟೇ ಬರೆದರೆ ಅಂಗಳದಲ್ಲಿ ಮಗುವಿನ ಫೋಟೊ ತೆಗೆಯುವ ತಾಯಿಯೂ ಅಪರಾಧಿ. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಸ್ಥಾನಕ್ಕೆ ಹೋದವರು ಸ್ವರ್ಗಮಂಟಪದ ಕೆಳಗೆ ನಿಂತು, ವೃತ್ತಾಕಾರದ ತೆರಪಿನಲ್ಲಿ ಕಾಣುವ ಆಕಾಶದ ಫೋಟೊ ತೆಗೆಯದೆ ಬರುವುದು ಅಪರೂಪ. ಅಲ್ಲಿಯ ಕಲ್ಲುಗಳಲ್ಲಿ ಕನ್ನಡ ಶಾಸನಗಳೂ ಇವೆ. ಈ ಜಿಲ್ಲೆಯ ಗುಡಿಗೋಡೆಗೆ ಕನ್ನಡ ಅಕ್ಷರ ಹೊಸತಲ್ಲ. ಅಂಥ ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ನಿಯಮ ಮೊದಲು, ಊರವರ ಫಲಕ ಆಮೇಲೆ. ಊರ ಗುಡಿಯಲ್ಲಿ “ಗರ್ಭಗುಡಿಯೊಳಗೆ ಫೋಟೊ ತೆಗೆಯುವುದಿಲ್ಲ, ಅಂಗಳದಲ್ಲಿ ತೆಗೆಯಬಹುದು” ಎಂದರೆ ಎಲ್ಲೆ ತಿಳಿಯುತ್ತದೆ. ‘ತೆಗೆಯಬೇಡಿ’ ಎಂಬುದು ಓದುವವರಿಗೆ ನೇರವಾಗಿ ಹೇಳಿದ ಮಾತು. ‘ತೆಗೆಯುವುದಿಲ್ಲ’ ಎಂಬುದು ಇಲ್ಲಿಯ ಎಲ್ಲರ ರೂಢಿ. ಮರಾಠಿಯ ‘ಕಾಢತ ನಾಹೀತ’ಕ್ಕೂ ಅದೇ ಧ್ವನಿ. ಹಾಗೆಂದು ಎಲ್ಲೆಯನ್ನೇ ಮಸುಕು ಮಾಡಬಾರದು. ‘ಆದಷ್ಟು ಫೋಟೊ ತೆಗೆಯದಿದ್ದರೆ ಒಳ್ಳೆಯದು’ ಎಂದು ಬರೆದರೆ ಒಬ್ಬರು ತೆಗೆಯುತ್ತಾರೆ, ಇನ್ನೊಬ್ಬರು ಜಗಳವಾಡುತ್ತಾರೆ.

ಇನ್ನೊಂದು ಸಣ್ಣ ಮಾತಿದೆ. ಚಪ್ಪಲಿಯನ್ನೂ ‘ತೆಗೆ’ಯುತ್ತೇವೆ, ಫೋಟೊವನ್ನೂ ‘ತೆಗೆ’ಯುತ್ತೇವೆ, ಮರಾಠಿಯಲ್ಲೂ ಎರಡಕ್ಕೂ ‘ಕಾಢಣೇ’. ಎರಡು ಸೂಚನೆಗಳನ್ನು ಒಂದೇ ಸಾಲಿಗೆ ತುರುಕಿದರೆ ನಗೆಪಾಟಲಾಗುತ್ತದೆ. ಚಪ್ಪಲಿಗೆ ‘ಬಿಟ್ಟು’ ಎಂಬ ಮಾತೇ ಸಾಕು.

ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಗುಡಿಯ ಕನ್ನಡ ಫಲಕ ಹೀಗಾಗುತ್ತದೆ:

ಬನ್ನಿ, ತಮಗೆ ಸ್ವಾಗತ.
ಚಪ್ಪಲಿಗಳನ್ನು ಎಡಗಡೆಯ ಕಟ್ಟೆಯ ಮೇಲೆ ಬಿಟ್ಟು, ಕಾಲು ತೊಳೆದು ಒಳಗೆ ಬನ್ನಿ.
ಭುಜ, ಮೊಣಕಾಲು ಮುಚ್ಚುವ ಉಡುಪಿನಲ್ಲಿ ದರ್ಶನ ಪಡೆಯುವುದು ಇಲ್ಲಿಯ ರೂಢಿ. ಬೇಕಾದವರಿಗೆ ಪಂಚೆ, ಶಾಲು ಕಚೇರಿಯಲ್ಲಿ ಸಿಗುತ್ತವೆ.
ಗರ್ಭಗುಡಿಯೊಳಗೆ ಫೋಟೊ ತೆಗೆಯುವುದಿಲ್ಲ, ಅಂಗಳದಲ್ಲಿ ತೆಗೆಯಬಹುದು.
— ದೇವಸ್ಥಾನ ಮಂಡಳಿ

ಇದರಲ್ಲಿ ‘ದಯವಿಟ್ಟು’ ಒಮ್ಮೆಯೂ ಬಂದಿಲ್ಲ. ವಾಕ್ಯದ ನಡೆಯಲ್ಲೇ ವಿನಯವಿದ್ದಾಗ ಅದರ ಅಗತ್ಯ ಬೀಳುವುದಿಲ್ಲ. ‘ಸೂಚನೆ’ ಎಂಬ ತಲೆಬರಹವೂ ‘ಆಜ್ಞೆಯ ಮೇರೆಗೆ’ ಎಂಬ ಕೊನೆಯ ಸಾಲೂ ಹೋಗಿವೆ. ನಿಯಮ ಒಂದೂ ಕಡಿಮೆಯಾಗಿಲ್ಲ.

ಬರೆದದ್ದು ಹಲಗೆಗೆ ಏರುವಾಗಲೂ ಕೆಡುವುದುಂಟು. ಕನ್ನಡ ಬಾರದ ಪೇಂಟರ್ ‘ಪ’ ಮತ್ತು ‘ಷ’, ‘ವ’ ಮತ್ತು ‘ಮ’ಗಳನ್ನು ಅದಲುಬದಲು ಮಾಡಬಹುದು. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ. ಆದ್ದರಿಂದ ಬರಹವನ್ನು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಕೊಡುವುದು ಕ್ಷೇಮ. ಮರಾಠಿ ಮೇಲೆ, ಕನ್ನಡ ಕೆಳಗೆ ಇದ್ದರೆ ಯಾರ ತಕರಾರೂ ಇಲ್ಲ. ಆದರೆ ಕನ್ನಡದ ಅಕ್ಷರ ಓದಲು ಬಾರದಷ್ಟು ಸಣ್ಣದಾಗಬಾರದು. ಮೂರು ಮೀಟರ್ ದೂರದಿಂದ ಸಲೀಸಾಗಿ ಓದಲು ಸುಮಾರು ಎರಡೂವರೆ ಸೆಂಟಿಮೀಟರ್ ಎತ್ತರದ ಅಕ್ಷರ ಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಕನ್ನಡದ ಸಾಲುಗಳ ನಡುವೆ ತುಸು ಹೆಚ್ಚು ಜಾಗ ಬಿಡಬೇಕು.

ಅಚ್ಚಿಗೆ ಕೊಡುವ ಮೊದಲು ಕರಡನ್ನು ಕನ್ನಡ ಶಾಲೆಯ ಮಗುವೊಂದು ಗಟ್ಟಿಯಾಗಿ ಓದಲಿ, ಮರಾಠಿ ಬಾರದ ಒಬ್ಬ ಅಜ್ಜಿ ಕೇಳಲಿ. ಓದು ಮುಗಿದ ಮೇಲೆ ಅಜ್ಜಿಗೆ ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿದಿದ್ದರೆ, ‘ಯಾಕೆ ಬೈತಾರ?’ ಎಂದು ಅವರು ಕೇಳದಿದ್ದರೆ, ಫಲಕ ಬರೆಯಲು ತಯಾರಾಗಿದೆ.