ಆಸ್ಕಸ್ ಅಂದ್ರೆ ಕಾಯಿಲೆಯ ಹೆಸರಲ್ಲ

ಪ್ಯಾಪ್ ಸ್ಮಿಯರ್ ರಿಪೋರ್ಟಿನಲ್ಲಿ ಬರೋ ಆಸ್ಕಸ್ ಅನ್ನೋ ಪದದ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ತಾ ಇದ್ದೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ಆ ಪದ ಬರೆಯೋಳು ನಾನೇ. ಓದೋರ ಮನೆಯಲ್ಲಿ ಅದು ಎಬ್ಬಿಸೋ ಗಾಬರಿ ನೋಡಿದ್ರೆ, ಅರ್ಥ ಹೇಳೋದೂ ನನ್ನ ಕೆಲಸವೇ ಅನ್ಸುತ್ತೆ.

ಬಿಡಿಸಿ ಹೇಳಿದ್ರೆ ಇಷ್ಟೇ: ಜೀವಕೋಶಗಳು ಪೂರ್ತಿ ಸಹಜವಾಗಿಲ್ಲ, ಆದರೆ ಏನಾಗಿದೆ ಅಂತ ಖಚಿತವಾಗಿ ಹೇಳೋಕಾಗ್ತಿಲ್ಲ. ಅಂದ್ರೆ ಅದು ಕಾಯಿಲೆಯ ಹೆಸರಲ್ಲ, ಸ್ಲೈಡ್ ನೋಡಿದವರ ಅನುಮಾನದ ಹೆಸರು! ಕಣ್ಣಿಗೆ ಕಾಣೋದು ಹೀಗೆ: ಜೀವಕೋಶದ ನಡುವಿನ ನ್ಯೂಕ್ಲಿಯಸ್ ಮಾಮೂಲಿಗಿಂತ ಎರಡೂವರೆಯಿಂದ ಮೂರು ಪಟ್ಟು ಹರಡಿಕೊಂಡಿರುತ್ತೆ, ಬಣ್ಣ ಒಂಚೂರು ಗಾಢ. ಇದಕ್ಕೆ ಎಚ್‌ಪಿವಿ ವೈರಸ್ ಕಾರಣ ಇರಬಹುದು. ಬರೀ ಸೋಂಕಿನ ಉರಿಯೂತವೂ ಇರಬಹುದು, ಮುಟ್ಟು ನಿಂತ ಮೇಲೆ ಪದರ ತೆಳುವಾಗಿದ್ದೂ ಇರಬಹುದು. ಕೆಲವು ಸಲ ಸ್ಲೈಡನ್ನ ಆಲ್ಕೋಹಾಲಿನಲ್ಲಿ ಅದ್ದೋಕೆ ತಡವಾಗಿ, ಗಾಳಿಗೆ ಒಣಗಿದ್ರೂ ನ್ಯೂಕ್ಲಿಯಸ್ ಹೀಗೇ ಉಬ್ಬಿದ ಹಾಗೆ ಕಾಣುತ್ತೆ.

ಲೋ ಗ್ರೇಡ್ ಲೀಶನ್ ಅಂತ ಬರೆದಾಗ ಅಷ್ಟು ಅನುಮಾನ ಇರಲ್ಲ. ನ್ಯೂಕ್ಲಿಯಸ್ ಮೂರು ಪಟ್ಟಿಗಿಂತ ದೊಡ್ಡದು, ಎಷ್ಟೋ ಸಲ ಅದರ ಸುತ್ತ ಕೊರೆದು ತೆಗೆದ ಹಾಗೆ ಬಿಳಿ ಖಾಲಿ ಜಾಗ. ಅದು ಎಚ್‌ಪಿವಿಯ ರುಜು ಇದ್ದ ಹಾಗೆ.

ಈಗ ನಮ್ಮ ಅತ್ತಿಗೆಯ ಕತೆ. ("ಬರ್ಕೋ, ಆದ್ರೆ ಹೆಸರು ಹಾಕ್ಬೇಡ ಮಾರಾಯ್ತಿ" ಅಂದಿದಾರೆ.) ವಯಸ್ಸು 41, ರಿಪೋರ್ಟ್ ಆಸ್ಕಸ್. ಊರಲ್ಲಿ ತೋರಿಸಿದ ಕಡೆ, "ಮಕ್ಕಳಾಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ನಿಶ್ಚಿಂತೆ" ಅಂದ್ರಂತೆ. ರಾತ್ರಿ ಫೋನ್ ಮಾಡಿ, "ತೆಗೆಸ್ಲಾ ಹೇಳು, ಅಣ್ಣ ದುಡ್ಡು ಹೊಂದಿಸ್ತಾ ಇದಾರೆ" ಅಂದ್ರು. ನನಗೆ ಮೈಯೆಲ್ಲ ಉರೀತು. ಬರೀ ಅನುಮಾನಕ್ಕೆ ಆಪರೇಶನ್ನಾ?

ಆಸ್ಕಸ್ ಬಂದ್ರೆ ಸಾಮಾನ್ಯವಾಗಿ ಮುಂದಿನ ಹೆಜ್ಜೆ ಎಚ್‌ಪಿವಿ ಟೆಸ್ಟ್. ಕ್ಯಾನ್ಸರ್ ತರಬಲ್ಲ ಜಾತಿಯ ವೈರಸ್ ಇದೆಯಾ ಇಲ್ಲವಾ ಅಂತ ಅದು ಹೇಳುತ್ತೆ. ಅಮೆರಿಕದಲ್ಲಿ ಆಲ್ಟ್ಸ್ ಅಂತ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಅದರಲ್ಲಿ ಆಸ್ಕಸ್ ಬಂದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮಾತ್ರ ವೈರಸ್ ಇತ್ತು. ವೈರಸ್ ಇಲ್ಲ ಅಂದ್ರೆ ಅಮೆರಿಕದ ಮಾರ್ಗಸೂಚಿ ಪ್ರಕಾರ ಮೂರು ವರ್ಷ ಬಿಟ್ಟು ಬಂದ್ರೆ ಸಾಕು. ಇದ್ರೆ ಕಾಲ್ಪೋಸ್ಕೋಪಿ. ಟೆಸ್ಟ್ ಸಿಗದ ಕಡೆ ವರ್ಷದೊಳಗೆ ಮತ್ತೊಮ್ಮೆ ಸ್ಮಿಯರ್ ಮಾಡ್ತಾರೆ.

ಲೋ ಗ್ರೇಡ್ ಬಂದವರಲ್ಲಿ ಅದೇ ಅಧ್ಯಯನದಲ್ಲಿ ನೂರಕ್ಕೆ 83 ಜನಕ್ಕೆ ವೈರಸ್ ಇತ್ತು. ಹೆಚ್ಚುಕಮ್ಮಿ ಎಲ್ಲರಿಗೂ ಇರೋದನ್ನ ಹುಡುಕಿ ಜರಡಿ ಹಿಡಿಯೋದು ಹೇಗೆ? ಅದಕ್ಕೇ ಲೋ ಗ್ರೇಡ್ ಅಂದ್ರೆ ಸಾಮಾನ್ಯವಾಗಿ ನೇರ ಕಾಲ್ಪೋಸ್ಕೋಪಿಗೆ ಕಳಿಸ್ತಾರೆ. ಎಚ್‌ಪಿವಿ ಟೆಸ್ಟ್ ಮೊದಲೇ ಆಗಿ ನೆಗೆಟಿವ್ ಇದ್ರೆ ಮಾತ್ರ ವರ್ಷ ಕಾಯೋದುಂಟು. ಇವೆಲ್ಲ 25 ದಾಟಿದವರ ಮಾತು. ಅದಕ್ಕಿಂತ ಚಿಕ್ಕವರಲ್ಲಿ ವೈರಸ್ ಬರುತ್ತೆ, ಹೋಗುತ್ತೆ. ಎರಡರಲ್ಲಿ ಯಾವುದು ಬಂದ್ರೂ ಮೊದಲು ವರ್ಷ ಬಿಟ್ಟು ಮತ್ತೆ ಸ್ಮಿಯರ್ ನೋಡ್ತಾರೆ.

ಅತ್ತಿಗೆಗೆ ಎಚ್‌ಪಿವಿ ಪಾಸಿಟಿವ್ ಬಂತು. ಅತ್ತರು. ಬೆಂಗಳೂರಿಗೆ ಕರೆಸಿ ಕಾಲ್ಪೋಸ್ಕೋಪಿ ಮಾಡಿಸಿದ್ವಿ. ಪ್ಯಾಪ್ ಸ್ಮಿಯರ್‌ಗೆ ಮಲಗಿದ ಹಾಗೇ ಮಲಗೋದು. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ಅಸಿಟಿಕ್ ಆಸಿಡ್ ಹಚ್ಚಿ, ಹೊರಗಿಟ್ಟ ದೊಡ್ಡ ಲೆನ್ಸಿನಲ್ಲಿ ನೋಡ್ತಾರೆ. ಕೆಟ್ಟಿರೋ ಜಾಗ ಬೆಳ್ಳಗಾಗುತ್ತೆ, ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೀತಾರೆ. "ಚಿವುಟಿದ ಹಾಗಾಯ್ತು ಅಷ್ಟೇ" ಅಂದ್ರು. ಬಯಾಪ್ಸಿ ರಿಪೋರ್ಟ್: ಸಿಐಎನ್ 1. ಇದು ವೈರಸ್ಸಿನಿಂದಾದ ಸಣ್ಣ ಬದಲಾವಣೆ, ಬಹುಪಾಲು ತಾನಾಗೇ ಹೋಗುತ್ತೆ. ಕೂಡಲೇ ಚಿಕಿತ್ಸೆ ಬೇಕಾಗೋದು ಸಾಮಾನ್ಯವಾಗಿ ಅದರ ಮೇಲಿನ 2, 3ಕ್ಕೆ. ಅಲ್ಲೂ ಎಷ್ಟೋ ಸಲ ಗರ್ಭಕೋಶ ಉಳಿಸಿಕೊಂಡು, ಕೆಟ್ಟ ಭಾಗ ಮಾತ್ರ ತೆಗೆದರೆ ಸಾಕಾಗುತ್ತೆ.

ಅತ್ತಿಗೆಗೆ ಮಾತ್ರೆಯೂ ಇಲ್ಲ, ಆಪರೇಶನ್ನೂ ಇಲ್ಲ. ವರ್ಷ ಬಿಟ್ಟು ಮತ್ತೆ ಎಚ್‌ಪಿವಿ ಟೆಸ್ಟ್. ಆ ತಾರೀಖನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದೀನಿ. ಯಾಕಂದ್ರೆ ತಾನಾಗೇ ಹೋಗದ ಕೆಲವರು ಸಿಕ್ಕಿಬೀಳೋದು ಆ ದಿನವೇ.

ಒಂದು ಮಾತು ಬಿಟ್ಟಿದ್ದೆ. ರಿಪೋರ್ಟಿನಲ್ಲಿ ಎ-ಎಸ್-ಸಿ ಆದ್ಮೇಲೆ ಯು-ಎಸ್ ಬದಲು ಎಚ್ ಅಂತ ಇದೆಯಾ ನೋಡಿ. ಅಲ್ಲಿರೋದು ಹೈ ಗ್ರೇಡ್‌ನ ಅನುಮಾನ, ಎಚ್‌ಪಿವಿ ನೆಗೆಟಿವ್ ಇದ್ರೂ ಕಾಲ್ಪೋಸ್ಕೋಪಿ ಬೇಕು. ಮೇಲೆ ಹೇಳಿದ ಸಮಾಧಾನ ಅದಕ್ಕೆ ಅನ್ವಯಿಸಲ್ಲ.