ನಿಲ್ಲುವುದಕ್ಕೆ ಮುಂಚೆ

ನನಗೀಗ 47. ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ ಮೂರು ವಾರಕ್ಕೇ ಬರುತ್ತದೆ, ಇನ್ನೊಮ್ಮೆ ಎರಡು ತಿಂಗಳಾದರೂ ಸುಳಿವಿಲ್ಲ. ಸುಳಿವಿಲ್ಲದಾಗ ಒಳಗೊಳಗೇ ಹಿಗ್ಗುತ್ತೇನೆ. ಆ ಹಿಗ್ಗಿನ ಹಿಂದೆ ಬರೀ ಬಟ್ಟೆ, ನೋವು, ಪ್ರಯಾಣದ ರಗಳೆ ತಪ್ಪಿತೆಂಬ ಸಮಾಧಾನವಷ್ಟೇ ಇಲ್ಲ. ಇನ್ನು ಮುಂದೆ ಯಾರೂ ಆ ಭಾಗವನ್ನು ನೋಡಬೇಕಿಲ್ಲ, ನಾನೂ ಯೋಚಿಸಬೇಕಿಲ್ಲ ಎಂಬ ಆಸೆಯೂ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬುವಾಗ ಬಿಪಿ, ಶುಗರ್‌ಗೆ ತಟ್ಟನೆ ಹೂಂ ಅಂದವಳು, ಗರ್ಭಕಂಠದ ಪರೀಕ್ಷೆ ಅಂದಾಗ ‘ಇನ್ನೇನು ನಿಲ್ಲೋ ಹೊತ್ತು ಬಿಡಮ್ಮ’ ಅಂದಿದ್ದು ಆ ಆಸೆಯಿಂದಲೇ.

ನಾನು ಪಾಠ ಮಾಡುವುದು ಚಳ್ಳಕೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ. ಸುತ್ತ ಗೊಲ್ಲರಹಟ್ಟಿಗಳಿವೆ. ಮುಟ್ಟಾದವರು ಹಟ್ಟಿಯಿಂದಾಚೆ ಇರಬೇಕೆಂಬ ಕಟ್ಟುಪಾಡು ಕಾನೂನು ಬಂದರೂ ಎಲ್ಲ ಕಡೆ ಸತ್ತಿಲ್ಲ. ಅಲ್ಲಿನ ಹೆಂಗಸರಿಗೆ ಮುಟ್ಟು ನಿಲ್ಲುವುದೆಂದರೆ ಮನೆಯೊಳಗೇ ಮಲಗುವ ಹಕ್ಕು. ಅವರ ಬಿಡುಗಡೆಗೆ ಅರ್ಥವಿದೆ. ನನ್ನದು ಬರೀ ನಾಚಿಕೆ, ಅದಕ್ಕೆ ವಯಸ್ಸಿನ ನೆಪ.

ವಯಸ್ಸಿನ ಲೆಕ್ಕವನ್ನೇ ನೋಡಿದರೆ, ಮುಟ್ಟು ಸಾಮಾನ್ಯವಾಗಿ 45ರಿಂದ 55ರೊಳಗೆ ನಿಲ್ಲುತ್ತದೆ. ಅಮೆರಿಕ, ಯುರೋಪಿನಲ್ಲಿ ಸರಾಸರಿ 51ರ ಆಸುಪಾಸು, ನಮ್ಮ ದೇಶದಲ್ಲಿ 46–47. ಹನ್ನೆರಡು ತಿಂಗಳು ಒಂದೇ ಸಮ ಬಾರದಿದ್ದರೆ ಮಾತ್ರ ನಿಂತಿತು ಎನ್ನಬೇಕು. ನಲವತ್ತಕ್ಕೆ ಮುಂಚೆಯೇ ನಿಂತರೆ ಅದು ಸಹಜವಲ್ಲ, ಡಾಕ್ಟರಿಗೆ ತೋರಿಸಲೇಬೇಕು. ಮೂಳೆ, ಹೃದಯಗಳಿಗೆ ಈಸ್ಟ್ರೊಜನ್ನಿನ ಆಸರೆ ಅಷ್ಟು ಬೇಗ ತಪ್ಪಿರುತ್ತದೆ.

ಮೊಳಕಾಲ್ಮೂರಿನಲ್ಲಿರುವ ನಮ್ಮಕ್ಕನಿಗೆ 54. ರೇಷ್ಮೆ ಮಗ್ಗದ ಮನೆ. ಅವಳು ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಾಳೆ. ಮುಟ್ಟು ನಿಂತು ಆರೇಳು ವರ್ಷವಾಗಿದೆ. ‘ನಿಂತ್ ಮ್ಯಾಲೆ ಅಲ್ಲೇನೈತೆ ನೋಡಾಕೆ’ ಅನ್ನುತ್ತಿದ್ದವಳು ಸೊಸೆಯ ಕಾಟಕ್ಕೆ ಆಸ್ಪತ್ರೆಗೆ ಹೋದಳು. ಸರ್ಕಾರಿ ತಪಾಸಣೆಯಲ್ಲಿ 30ರಿಂದ 65ರವರೆಗಿನವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಮಾಡುತ್ತಾರೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಸಿಡ್ ಹಚ್ಚಿ, ಒಂದು ನಿಮಿಷ ಕಾದು, ಬರಿಗಣ್ಣಲ್ಲಿ ನೋಡುವುದು ಅಷ್ಟೇ. ಕೆಟ್ಟ ಜೀವಕೋಶಗಳಿದ್ದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಅಕ್ಕನಿಗೆ ಬಿಳಿ ಕಾಣಲಿಲ್ಲ. ಆದರೂ ನರ್ಸಮ್ಮ ‘ನಾರ್ಮಲ್’ ಎಂದು ಬರೆಯದೆ ಜಿಲ್ಲಾಸ್ಪತ್ರೆಗೆ ಪ್ಯಾಪ್ ಪರೀಕ್ಷೆಗೆ ಕಳಿಸಿದರು.

ಕಾರಣ ಕೇಳಿದಾಗ ನನಗೆ ಹೊಳೆದದ್ದು ನನ್ನದೇ ಕಥೆ. ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಗರ್ಭಕಂಠದ ಹೊರಪದರವೂ ಒಳಪದರವೂ ಕೂಡುವ ಗೆರೆಯ ಸುತ್ತ. ಹರೆಯದಲ್ಲಿ ಆ ಗೆರೆ ಹೊರಗೇ ಕಾಣುತ್ತದೆ. ಈಸ್ಟ್ರೊಜನ್ ಇಳಿದಂತೆ ಅದು ಮೆಲ್ಲಗೆ ಒಳದಾರಿಗೆ ಸರಿದುಬಿಡುತ್ತದೆ. ನೋಡಬೇಕಾದ ಜಾಗವೇ ಕಣ್ಣಿಗೆ ಬೀಳದ ಮೇಲೆ ಬಿಳಿ ಕಾಣಲಿಲ್ಲ ಎಂಬುದಕ್ಕೆ ಬೆಲೆಯಿಲ್ಲ. ಆಗ ಒಳದಾರಿಯಿಂದ ಬ್ರಷ್‌ನಲ್ಲಿ ಜೀವಕೋಶ ತೆಗೆಯುವ ಪ್ಯಾಪ್ ಆಗಬೇಕು, ಇಲ್ಲವೇ ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ. ಐವತ್ತು ದಾಟಿದವರಿಗೆ ವಿಐಎ ಅಷ್ಟು ನೆಚ್ಚಿಕೆಯದಲ್ಲ ಎನ್ನುವುದು ಇದಕ್ಕೇ. ಅಂದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಪುಕ್ಕಟೆಯಾಗಿ, ಕೂತಲ್ಲೇ ಫಲಿತಾಂಶ ಸಿಗುವ ಪರೀಕ್ಷೆಯ ಅವಧಿಯನ್ನೇ ನಾನು ‘ನಿಲ್ಲಲಿ’ ಎಂದು ಕಾದು ಕಳೆಯುತ್ತಿದ್ದೆ. ನಿಂತ ಮೇಲೆ ಪರೀಕ್ಷೆ ತಪ್ಪುವುದಿಲ್ಲ, ಚಿತ್ರದುರ್ಗದ ಬಸ್ಸು ಹತ್ತಬೇಕಾಗುತ್ತದೆ.

ಪೂರ್ತಿ ನಿಂತ ಮೇಲಿನ ಇನ್ನೊಂದು ವಿಷಯಕ್ಕೆ ವಯಸ್ಸಿನ ವಾಯಿದೆಯೇ ಇಲ್ಲ. ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ‘ಮತ್ತೆ ಮುಟ್ಟು ಬಂತು’ ಎನ್ನುವ ಹಾಗಿಲ್ಲ. ಹೀಗೆ ಬಂದವರಲ್ಲಿ ಹೆಚ್ಚಿನವರಿಗೆ ಒಳಚರ್ಮ ಒಣಗಿದ್ದು, ಸಣ್ಣ ಗಂಟು ಇಂಥ ಕಾರಣಗಳೇ ಇರುತ್ತವೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್. ಸ್ಕ್ಯಾನಿಂಗ್‌ನಲ್ಲಿ ಆ ಪದರದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ತುಣುಕು ತೆಗೆದು ನೋಡುತ್ತಾರೆ. ನಮ್ಮ ಕಡೆ ಹೆಂಗಸರು ಹೀಗೆ ರಕ್ತ ಕಂಡದ್ದನ್ನು ‘ಉಷ್ಣ’ ಎಂದು ಎಳನೀರಿನಲ್ಲಿ ಮುಗಿಸುತ್ತಾರೆ. ಹಾಗೆ ಮುಗಿಸುವವರ ಪೈಕಿ ನಾನೂ ಒಬ್ಬಳಾಗುತ್ತಿದ್ದೆನೇನೋ.

ಅಕ್ಕನ ಪ್ಯಾಪ್ ವರದಿ ಸರಿ ಬಂತು. ನಾನೂ ಹೋದೆ, ಮುಟ್ಟಿಲ್ಲದ ದಿನ ನೋಡಿಕೊಂಡು. ಗೆರೆ ಪೂರ್ತಿ ಕಾಣುತ್ತಿದೆ, ಬಿಳಿ ಇಲ್ಲ ಎಂದರು. ರಿಜಿಸ್ಟರಿನ ಲೆಕ್ಕದಲ್ಲಿ ನನ್ನ ಮುಂದಿನ ಸರದಿ 52ಕ್ಕೆ. ಅಷ್ಟರಲ್ಲಿ ಗೆರೆ ಒಳಗೆ ಸರಿದಿರುವ ಸಂಭವವೇ ಹೆಚ್ಚು. ಆದ್ದರಿಂದ ಕಾರ್ಡಿನ ಹಿಂದೆ ನಾನೇ ಬರೆದುಕೊಂಡಿದ್ದೇನೆ: ಮುಂದಿನ ಸಲ ಎಚ್‌ಪಿವಿ ಅಥವಾ ಪ್ಯಾಪ್ ಕೇಳುವುದು.