ಒಂಬತ್ತು ಕುರ್ಚಿ

ಸ್ಕೂಲಿನಿಂದ ಫೋನ್ ಬಂದಾಗ ನಾನು ಬೆಳಗಿನ ಮೀಟಿಂಗಲ್ಲಿದ್ದೆ. ಮಗನಿಗೆ ಜ್ವರ ಇರ್ಬೇಕು ಅಂದ್ಕೊಂಡು ಹೊರಗೆ ಬಂದೆ. ಜ್ವರ ಅಲ್ಲ. ಆರನೇ ಕ್ಲಾಸಿನ ನನ್ನ ಮಗ ಇನ್ನೊಬ್ಬನ ಜೊತೆ ಸೇರಿ, ಉಗ್ಗುವ ಹುಡುಗನೊಬ್ಬನ ಫೋಟೋ ಮೇಲೆ 'ಬಫರಿಂಗ್' ಅಂತ ಬರೆದು ವಾಟ್ಸಾಪ್ ಸ್ಟಿಕ್ಕರ್ ಮಾಡಿದ್ದ. ಒಂದು ತಿಂಗಳಿಂದ ಅದು ಕ್ಲಾಸಿನ ಮಕ್ಕಳ ಗ್ರೂಪಲ್ಲಿ ಓಡಾಡ್ತಿತ್ತು. ಆ ಪದ ಹೋಗಿದ್ದು ನಮ್ಮ ಮನೆಯಿಂದ್ಲೇ. ನೆಟ್ ನಿಧಾನವಾದಾಗೆಲ್ಲ ನಾನು ಗೊಣಗೋ ಪದ.

"ಎಷ್ಟು ದಿನ ಸಸ್ಪೆಂಡ್ ಮಾಡ್ತೀರಾ ಮೇಡಂ?" ಅಂದೆ.

"ಅದು ಸುಲಭ ಸಾರ್," ಅಂದ್ರು ಕೌನ್ಸೆಲರ್. "ನಾವು ಸರ್ಕಲ್ ಮಾಡೋಣ ಅಂತಿದೀವಿ. ಅದೂ ಆ ಹುಡುಗ ಒಪ್ಪಿದ್ರೆ ಮಾತ್ರ."

ನಿಜ ಹೇಳ್ತೀನಿ, ನನಗೆ ಸಸ್ಪೆನ್ಷನ್ನೇ ಬೇಕಿತ್ತು. ಮೂರು ದಿನ ಮನೇಲಿ ಕೂರಿಸಿ, ಬೈದು, ಮುಗಿಸಿಬಿಡಬಹುದಿತ್ತು.

ನಮ್ಮೂರ ಶಾಲೆಯಲ್ಲಿ ಹಾಗೇ ಮುಗೀತಿತ್ತು. ನಾವು ನಾಲ್ಕು ಜನ ಒಬ್ಬ ಹುಡುಗನನ್ನ ದಿನಾ ಗೋಳು ಹುಯ್ಕೊಳ್ತಿದ್ವಿ. ಮೇಷ್ಟ್ರಿಗೆ ಗೊತ್ತಾದ ದಿನ ಹುಣಸೆ ಬರಲಲ್ಲಿ ಅಂಗೈಗೆ ಆರಾರು ಬಿತ್ತು. ಅವತ್ತು ಸಂಜೆ ಕೆರೆ ಏರಿ ಮೇಲೆ ಕೂತು ನಾವು ಮಾತಾಡಿದ್ದು ಒಂದೇ ವಿಷಯ: ಹೇಳಿದ್ದು ಯಾರು? ಮಾರನೇ ದಿನದಿಂದ ಅವನನ್ನ ರೇಗಿಸಲಿಲ್ಲ. ಮಾತೇ ಬಿಟ್ವಿ, ಬೇರೆಯವರೂ ಬಿಡೋ ಹಾಗೆ ಮಾಡಿದ್ವಿ. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲೇ ಇಲ್ಲ. ಮೇಷ್ಟ್ರ ಲೆಕ್ಕದಲ್ಲಿ ಕೇಸ್ ಮುಗಿದಿತ್ತು.

ಈಗ ಬರಲು ಹಿಡಿಯೋ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದನ್ನೂ, ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧಿಸಿದೆ. ಆದ್ರೆ ಏಟಿನ ಬದಲು ಸಸ್ಪೆನ್ಷನ್ ಬಂದ್ರೂ ಒಳಗಿನ ಲೆಕ್ಕ ಅದೇ. ಯಾವ ನಿಯಮ ಮುರೀತು, ಮುರಿದವನು ಯಾರು, ಅವನಿಗೆ ಎಷ್ಟು ಕೊಡ್ಬೇಕು? ಈ ಮೂರು ಪ್ರಶ್ನೆಯಲ್ಲಿ ಗೋಳು ತಿಂದ ಹುಡುಗ ಎಲ್ಲೂ ಇಲ್ಲ. ಸರ್ಕಲ್ ಕೇಳೋದೇ ಬೇರೆ: ಯಾರಿಗೆ ಏನಾಯ್ತು, ಅದನ್ನ ಸರಿ ಮಾಡೋಕೆ ಏನು ಬೇಕು, ಯಾರು ಮಾಡ್ಬೇಕು?

ಇದು ಹೊಸದೇನಲ್ಲ. ನ್ಯೂಜಿಲೆಂಡ್ 1989ರಲ್ಲೇ, ತಪ್ಪು ಮಾಡಿದ ಮಕ್ಕಳ ವಿಷಯವನ್ನ ಎರಡೂ ಕಡೆಯವರು ಕುಟುಂಬ ಸಮೇತ ಕೂತು ಮಾತಾಡೋದಕ್ಕೆ ಕಾನೂನಲ್ಲಿ ಜಾಗ ಮಾಡ್ತು. ಅಲ್ಲಿನ ಮಾವೊರಿ ಜನರ ಪದ್ಧತಿಯ ಪ್ರಭಾವ ಅದರಲ್ಲಿತ್ತು. 1994ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ ಮಾರ್ಗ್ ಥೋರ್ಸ್‌ಬೋರ್ನ್ ಅನ್ನೋ ಕೌನ್ಸೆಲರ್ ಅದನ್ನ ಒಂದು ಹೈಸ್ಕೂಲಿಗೆ ತಂದರು.

ನಾನು ಅಂದ್ಕೊಂಡಿದ್ದು ಇದು ನಮ್ಮೂರ ಅರಳಿಕಟ್ಟೆ ರಾಜಿ ಥರ ಇರುತ್ತೆ ಅಂತ. 'ಇಬ್ಬರದ್ದೂ ತಪ್ಪಿದೆ, ಕೈ ಕುಲುಕಿ, ಹೋಗಿ.' ಅದು ತಪ್ಪು ಕಲ್ಪನೆ. ಜಗಳದಲ್ಲಿ ಇಬ್ಬರ ಬಲವೂ ಹೆಚ್ಚುಕಮ್ಮಿ ಸಮ ಇರುತ್ತೆ, ಗೋಳು ಹುಯ್ಕೊಳ್ಳೋದ್ರಲ್ಲಿ ಒಂದು ಕಡೆ ಗುಂಪು, ಇನ್ನೊಂದು ಕಡೆ ಒಬ್ಬ. ಅಲ್ಲಿ ರಾಜಿ ಮಾಡಿಸಿದ್ರೆ ಗುಂಪಿಗೇ ಗೆಲುವು. ಅದಕ್ಕೇ ಸರ್ಕಲ್ ಕೂರೋ ಮುಂಚೆ ಮಾಡಿದವನು 'ಹೌದು, ನಾನೇ ಮಾಡಿದ್ದು' ಅಂತ ಒಪ್ಪಿರಬೇಕು. ಸತ್ಯ ಪತ್ತೆ ಮಾಡೋ ಜಾಗ ಅದಲ್ಲ.

ಮೇಡಂ ಮೊದಲು ಆ ಹುಡುಗನ ಹತ್ರ ಒಬ್ಬರೇ ಮಾತಾಡಿದರು. ಸರ್ಕಲ್ ಬೇಕಾ, ಬೇಡ್ವಾ? ಬೇಡ ಅಂದ್ರೂ ಶಾಲೆ ಸುಮ್ಮನಿರಲ್ಲ, ಬೇರೆ ಥರ ನೋಡ್ಕೊಳ್ಳುತ್ತೆ. ಪಕ್ಕದಲ್ಲಿ ಯಾರಿರಬೇಕು? ಅವನು ಹೂಂ ಅನ್ನೋಕೆ ಐದು ದಿನ ತಗೊಂಡ. ಅಮ್ಮ ಮತ್ತು ಒಬ್ಬ ಗೆಳೆಯ ಬೇಕು ಅಂದ. ಮಧ್ಯೆ ಸಾಕನ್ನಿಸಿದ್ರೆ ಅಮ್ಮನ ಕೈ ಒತ್ತೋದು, ಅಲ್ಲಿಗೆ ನಿಲ್ಲಿಸೋದು ಅಂತ ಒಪ್ಪಂದವಾಯ್ತು. ಆಮೇಲೆ ನನ್ನ ಮಗನ ಜೊತೆ ಎರಡು ಸಲ ಮಾತು. ಮೊದಲ ಸಲ 'ಎಲ್ರೂ ನಗ್ತಿದ್ರು, ತಮಾಷೆಗೆ ಮಾಡಿದ್ದು' ಅಂದನಂತೆ. "ಇನ್ನೂ ರೆಡಿ ಇಲ್ಲ," ಅಂತ ಮೇಡಂ ದಿನ ಮುಂದೂಡಿದರು.

ಕೊನೆಗೆ ಒಂದು ಶನಿವಾರ ಲೈಬ್ರರಿಯಲ್ಲಿ ಒಂಬತ್ತು ಕುರ್ಚಿ, ನಡುವೆ ಟೇಬಲ್ ಇಲ್ಲ. ಸ್ಟಿಕ್ಕರ್ ಮಾಡಿದ ಇಬ್ಬರು, ಅವರ ಕಡೆಯ ಇಬ್ಬರು, ಆ ಹುಡುಗ, ಅವನಮ್ಮ, ಗೆಳೆಯ, ಕ್ಲಾಸ್ ಟೀಚರ್, ಮೇಡಂ. ಒಂದು ಡಸ್ಟರ್ ಕೈಯಿಂದ ಕೈಗೆ ಹೋಗುತ್ತೆ, ಅದು ಯಾರ ಕೈಲಿದ್ಯೋ ಅವರೇ ಮಾತಾಡ್ಬೇಕು. ಮೇಡಂ ಒಂದು ಸಲಾನೂ 'ಯಾಕೆ ಮಾಡ್ದೆ' ಅಂತ ಕೇಳಲಿಲ್ಲ. ಯಾಕೆ ಅಂದ್ರೆ ಮಕ್ಕಳು ನೆಪ ಹುಡುಕ್ತಾರಂತೆ. ಏನಾಯ್ತು, ಆಗ ಏನು ಯೋಚಿಸ್ತಿದ್ದೆ, ಈಗ ಏನನ್ನಿಸ್ತಿದೆ, ಇದರಿಂದ ಯಾರಿಗೆ ತೊಂದರೆ ಆಗಿದೆ, ಇಷ್ಟೇ ಪ್ರಶ್ನೆ.

ಆಮೇಲೆ ಆ ಹುಡುಗನಿಗೆ: "ನಿನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಯಾವುದು?"

ನಾನು ಸ್ಟಿಕ್ಕರ್ ಅಂತಾನೇ ಅಂದ್ಕೊಂಡಿದ್ದೆ. ಅವನು ನಿಧಾನವಾಗಿ, ತಡೆದು ತಡೆದು ಹೇಳಿದ್ದು ಹಾಜರಿ ವಿಷಯ. ಅವನಿಗೆ 'ಪ್ರೆಸೆಂಟ್' ಅನ್ನೋಕೆ 'ಪ' ಸಿಕ್ಕಿಹಾಕ್ಕೊಳ್ಳುತ್ತೆ. ಸ್ಟಿಕ್ಕರ್ ಬಂದ ಮೇಲೆ ಆ ಎರಡು ಸೆಕೆಂಡಿಗೆ ಇಡೀ ಕ್ಲಾಸು ಕಾಯೋಕೆ ಶುರುವಾಯ್ತು, ಯಾರೋ ಹಿಂದಿನಿಂದ 'ಲೋಡಿಂಗ್' ಅಂತಿದ್ರು. ಅದಕ್ಕೆ ಅವನು ದಿನಾ ಹಾಜರಿ ಹೊತ್ತಿಗೆ ಟಾಯ್ಲೆಟ್ಟಿಗೆ ಹೋಗ್ತಿದ್ದ. ಕ್ಲಾಸ್ ಟೀಚರ್ ಮುಖ ಬಿಳಿಚಿಕೊಳ್ತು, ಆ ಲೇಟಿಗೆ ಅವನನ್ನ ಬೈದಿದ್ದು ಅವರೇ. ನನ್ನ ಮಗ ನೆಲ ನೋಡ್ತಿದ್ದ. ಆರು ಏಟು ತಿಂದ ದಿನ ನನಗೆ ಗೊತ್ತಾಗದೇ ಇದ್ದಿದ್ದು ಅವನಿಗೆ ಇಪ್ಪತ್ತು ನಿಮಿಷದಲ್ಲಿ ಗೊತ್ತಾಗಿತ್ತು.

'ಸಾರಿ ಹೇಳು' ಅಂತ ಯಾರೂ ಅನ್ನಲಿಲ್ಲ. ಅವನಾಗೇ ಹೇಳ್ದ. ಆ ಹುಡುಗ ಕ್ಷಮಿಸಲಿಲ್ಲ, ಕ್ಷಮಿಸು ಅಂತಲೂ ಯಾರೂ ಕೇಳಲಿಲ್ಲ. "ನನಗೆ ಇವರ ಫ್ರೆಂಡ್‌ಶಿಪ್ ಬೇಡ, ಸುಮ್ನೆ ಬಿಟ್ರೆ ಸಾಕು," ಅಂದ. ಅದೂ ಹಾಗೇ ಕಾಗದಕ್ಕೆ ಬಂತು. ಇಬ್ಬರೂ ಗ್ರೂಪಲ್ಲಿ ತಾವೇ ಮಾಡಿದ್ದು ಅಂತ ಒಪ್ಪಿ, ಎಲ್ಲರೂ ಡಿಲೀಟ್ ಮಾಡೋಕೆ ಕೇಳೋದು. ಹಾಜರಿಗೆ ಇನ್ಮೇಲೆ ಇಡೀ ಕ್ಲಾಸು ಕೈ ಎತ್ತಿದ್ರೆ ಸಾಕು. ಎರಡು ವಾರಕ್ಕೊಮ್ಮೆ, ಮತ್ತೆ ಆರು ವಾರಕ್ಕೊಮ್ಮೆ ಮೇಡಂ ಆ ಹುಡುಗನನ್ನ ಒಬ್ಬನೇ ಕೂರಿಸಿ ಕೇಳೋದು.

ಆ ಎರಡು ವಾರದ ಭೇಟಿ ಇಲ್ಲದಿದ್ರೆ ಎಲ್ಲ ವ್ಯರ್ಥವಾಗ್ತಿತ್ತು. ನಮ್ಮ ಮಕ್ಕಳು ನಿಲ್ಲಿಸಿದ್ರು, ಆದ್ರೆ ಸರ್ಕಲಲ್ಲಿ ಇಲ್ಲದ ಮೂರನೆಯವನೊಬ್ಬ ಬಸ್ಸಲ್ಲಿ ಅಣಕ ಶುರು ಮಾಡಿದ್ದ. ಅದು ಗೊತ್ತಾಗಿದ್ದು ಆಗಲೇ. ಆಮೇಲೆ ಬಸ್ಸಲ್ಲಿ ಆಯಾಮ್ಮನ್ನ ಹಿಂದಿನ ಸೀಟಿಗೆ ಕೂರಿಸಿದರು, ಅವನ ಜೊತೆ ಮತ್ತೆ ಮೊದಲಿಂದ ಮಾತು.

ಸರ್ಕಲ್ ಕೂರಿಸಿದ ತಕ್ಷಣ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಇಂಗ್ಲೆಂಡಿನ 40 ಶಾಲೆಗಳಲ್ಲಿ ಇಂಥ ಮಾತುಕತೆಯನ್ನೂ ಸೇರಿಸಿ ಮಾಡಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಮೂರು ವರ್ಷದಲ್ಲಿ ಬುಲ್ಲಿಯಿಂಗ್ ಕಮ್ಮಿಯಾಗಿತ್ತು, ಆದ್ರೆ ಸ್ವಲ್ಪವೇ. ಹೊಡೆದಾಟ ಬೈದಾಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಯಾರಿ ಇಲ್ಲದೆ, ಪೀರಿಯಡ್ ಮಧ್ಯೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ 'ಮಾತಾಡ್ಕೊಳ್ಳಿ' ಅನ್ನೋದಂತೂ ಶಿಕ್ಷೆಗಿಂತ ಕೆಟ್ಟದ್ದು, ಯಾಕಂದ್ರೆ ಅಲ್ಲಿ ಶಿಕ್ಷೆ ಆಗೋದು ಗೋಳು ತಿಂದವನಿಗೆ. ನಿಮ್ಮ ಮಗುವಿನ ಶಾಲೆ 'ಸರ್ಕಲ್ ಮಾಡ್ತೀವಿ' ಅಂದ್ರೆ ಎರಡೇ ಪ್ರಶ್ನೆ ಕೇಳಿ: ಆ ಮಗುವಿಗೆ ಬೇಡ ಅನ್ನೋ ಅವಕಾಶ ಇತ್ತಾ? ಮುಂದಿನ ಭೇಟಿ ಯಾವತ್ತು?

ಅವತ್ತು ವಾಪಸ್ ಬರ್ತಾ ಮಗನಿಗೆ ನಮ್ಮೂರ ಕತೆ ಹೇಳಿದೆ. ಬರಲು, ಆರು ಏಟು, ಕೆರೆ ಏರಿ. ಸಿಗ್ನಲಲ್ಲಿ ನಿಂತಾಗ ಕೇಳ್ದ:

"ಅಪ್ಪ, ಆಮೇಲೆ ಆ ಹುಡುಗ ಏನಾದ?"

"ಗೊತ್ತಿಲ್ಲ ಕಣೋ," ಅಂದೆ. ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಸಲವೂ ಯಾರನ್ನೂ ಕೇಳಿರಲಿಲ್ಲ.